ನಿಮಗಿದು ಗೊತ್ತೇ? ಹೆಪ್ಪುಗಟ್ಟುವುದೂ ಅದೇ, ನಿಲ್ಲದೆ ಹರಿಯುವುದೂ ಅದೇ!

ಹೊನ್ನಾಳಿ ಮತ್ತು ನ್ಯಾಮತಿಯ ಗದ್ದೆಗಳಿಂದ, ಚನ್ನಗಿರಿಯ ಅಡಿಕೆ ತೋಟಗಳಿಂದ, ಜಗಳೂರಿನ ಮೆಕ್ಕೆಜೋಳದ ಹೊಲಗಳಿಂದ ದಾವಣಗೆರೆಗೋ ಶಿವಮೊಗ್ಗಕ್ಕೋ ರೋಗಿಯನ್ನು ಕರೆದುಕೊಂಡು ಹೋದವರಲ್ಲಿ ಕೆಲವರಿಗೆ ಡಾಕ್ಟರು ಹೇಳುವ ಮೂರು ಅಕ್ಷರ ಕಿವಿಗೆ ಬಿದ್ದಿರುತ್ತದೆ: ಡಿಐಸಿ. ಹಾವು ಕಚ್ಚಿದವರಲ್ಲೂ, ಹೆರಿಗೆಗೆ ಬಂದ ತಾಯಿಯಲ್ಲೂ, ಕಾಲಿನ ಗಾಯ ಕೊಳೆತು ಜ್ವರ ಬಂದವರಲ್ಲೂ ಅದೇ ಮೂರಕ್ಷರ. ಸಂಬಂಧವೇ ಇಲ್ಲದ ಈ ಮೂವರಲ್ಲಿ ಒಂದೇ ಗಂಡಾಂತರ ಹೇಗೆ ಬಂತು? ಒಂದೊಂದಾಗಿ ನೋಡೋಣ.

1. ರಕ್ತ ನಿಲ್ಲದಿರುವುದಕ್ಕೆ ಕಾರಣ ಅದು ವಿಪರೀತ ಹೆಪ್ಪುಗಟ್ಟಿದ್ದು!

ಒಸಡಿನಿಂದ ರಕ್ತ, ಮೂತ್ರದಲ್ಲಿ ರಕ್ತ, ಸೂಜಿ ಚುಚ್ಚಿದ ಜಾಗದಿಂದಲೂ ಒಸರುವ ರಕ್ತ. ಇದನ್ನು ನೋಡಿದ ಯಾರಿಗಾದರೂ ರೋಗಿಯ ರಕ್ತಕ್ಕೆ ಹೆಪ್ಪುಗಟ್ಟುವ ಶಕ್ತಿಯೇ ಹುಟ್ಟಿನಿಂದ ಇಲ್ಲವೇನೋ ಎನಿಸುತ್ತದೆ. ನಿಜ ಸಂಗತಿ ಇದರ ತದ್ವಿರುದ್ಧ. ಕೆಲವೇ ಗಂಟೆಗಳ ಹಿಂದೆ ಆ ರಕ್ತ ಮೈಯೊಳಗಿನ ಸಣ್ಣ ಸಣ್ಣ ರಕ್ತನಾಳಗಳಲ್ಲೆಲ್ಲ ಹೆಪ್ಪುಗಟ್ಟಲು ಶುರುಮಾಡಿತ್ತು. ಹೆಪ್ಪುಗಟ್ಟಲು ಬೇಕಾದ ಸಾಮಗ್ರಿಯೆಲ್ಲ ಅಲ್ಲೇ ಖರ್ಚಾಯಿತು. ಈಗ ನಿಜವಾದ ಗಾಯವನ್ನು ಮುಚ್ಚಲು ಏನೂ ಉಳಿದಿಲ್ಲ. ಒಳಗೆ ಬೇಡದ ಕಡೆ ಹೆಪ್ಪು, ಹೊರಗೆ ಬೇಕಾದ ಕಡೆ ಹರಿವು. ಎರಡೂ ಒಬ್ಬರಲ್ಲೇ, ಒಂದೇ ಹೊತ್ತಿನಲ್ಲಿ. ಡಿಐಸಿ ಎಂದರೆ ಇದೇ.

2. ನಾಲೆಯ ಕೊನೆಯ ಗದ್ದೆಯ ಕಷ್ಟವೇ ಇಲ್ಲೂ

ಭದ್ರಾ ನಾಲೆಯ ಮೇಲ್ಭಾಗದ ತೂಬುಗಳನ್ನೆಲ್ಲ ಒಟ್ಟಿಗೆ ಎತ್ತಿಬಿಟ್ಟರೆ ಏನಾಗುತ್ತದೆ ಎಂದು ನಮ್ಮ ರೈತರಿಗೆ ಹೇಳಿಕೊಡಬೇಕಿಲ್ಲ. ಮೇಲಿನ ಗದ್ದೆಗಳಲ್ಲಿ ನೀರು ಬದು ಮೀರಿ ನಿಲ್ಲುತ್ತದೆ, ಕೊನೆಯ ಭಾಗದ ಗದ್ದೆ ಒಣಗುತ್ತದೆ. ನೀರು ಒಂದೇ, ನಾಲೆಯೂ ಒಂದೇ. ಮೇಲೆ ಹೆಚ್ಚಾಗಿದ್ದರಿಂದಲೇ ಕೆಳಗೆ ಕಡಿಮೆಯಾಯಿತು.

ರಕ್ತದಲ್ಲಿ ಆ ತೂಬನ್ನು ಎತ್ತುವುದು ತ್ರಾಂಬಿನ್ ಎಂಬ ಕಿಣ್ವ. ಕೈಗೆ ಕುಡುಗೋಲು ತಾಗಿದಾಗ ಅದು ಗಾಯದ ಬಾಯಲ್ಲಿ ಮಾತ್ರ ಹುಟ್ಟುತ್ತದೆ. ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಫೈಬ್ರಿನ್ ಎಂಬ ನೂಲಾಗಿ ಮಾರ್ಪಡಿಸುತ್ತದೆ. ಆ ನೂಲಿನ ಬಲೆಯಲ್ಲಿ ಪ್ಲೇಟ್‌ಲೆಟ್‌ಗಳು ಸಿಕ್ಕಿಕೊಂಡು ಗಾಯ ಮುಚ್ಚುತ್ತದೆ. ಅಕ್ಕಪಕ್ಕದ ನಾಳಗಳಿಗೆ ಹೆಪ್ಪು ಹಬ್ಬದಂತೆ ತಡೆಯುವ ಕಾವಲೂ ರಕ್ತದಲ್ಲೇ ಇದೆ. ಡಿಐಸಿಯಲ್ಲಿ ತ್ರಾಂಬಿನ್ ಮೈಯೆಲ್ಲ ಹುಟ್ಟುತ್ತದೆ, ಕಾವಲು ಸೋಲುತ್ತದೆ. ಮೂತ್ರಪಿಂಡ, ಶ್ವಾಸಕೋಶ, ಮಿದುಳುಗಳ ಕೂದಲೆಳೆಗಿಂತ ಸಣ್ಣ ನಾಳಗಳಲ್ಲಿ ಫೈಬ್ರಿನ್ ಕೂರುತ್ತದೆ.

3. ಹೆಪ್ಪು ಕರಗುವುದೂ ಒಂದು ಕಂಟಕ

ದೇಹ ಸುಮ್ಮನೆ ಕೂರುವುದಿಲ್ಲ. ಎಲ್ಲೆಂದರಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸಲು ಪ್ಲಾಸ್ಮಿನ್ ಎಂಬ ಇನ್ನೊಂದು ಕಿಣ್ವವನ್ನು ಬಿಡುತ್ತದೆ. ಅದು ಬೇಡದ ಹೆಪ್ಪಿನ ಜೊತೆಗೆ ಗಾಯದ ಮೇಲಿನ ಬೇಕಾದ ಹೆಪ್ಪನ್ನೂ ಕತ್ತರಿಸುತ್ತದೆ. ಕತ್ತರಿಸಿದ ಫೈಬ್ರಿನ್ ಚೂರುಗಳು ರಕ್ತದಲ್ಲಿ ತೇಲುತ್ತ ಹೊಸ ಹೆಪ್ಪು ಕಟ್ಟುವುದಕ್ಕೂ ಅಡ್ಡಿ ಮಾಡುತ್ತವೆ. ಸಾಮಗ್ರಿ ಮುಗಿದಿದ್ದು ಒಂದು ಏಟು, ಈ ಚೂರುಗಳದ್ದು ಎರಡನೆಯ ಏಟು.

ಲ್ಯಾಬಿನ ವರದಿಯಲ್ಲಿ ಡಿ-ಡೈಮರ್ ಎಂದು ಬರುವುದು ಇಂಥ ಚೂರುಗಳಲ್ಲೊಂದರ ಅಳತೆಯೇ. ಎಲ್ಲೋ ಫೈಬ್ರಿನ್ ಕಟ್ಟಿದೆ, ಕಟ್ಟಿದ್ದು ಕರಗುತ್ತಲೂ ಇದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಡಿ-ಡೈಮರ್ ಒಂದನ್ನೇ ನೋಡಿ ಡಿಐಸಿ ಎನ್ನುವಂತಿಲ್ಲ. ತುಂಬು ಬಸುರಿಯಲ್ಲೂ, ಆಪರೇಷನ್ ಆದವರಲ್ಲೂ ಅದು ಸಹಜವಾಗಿಯೇ ಏರಿರುತ್ತದೆ.

4. ಡಿಐಸಿ ತಾನಾಗಿ ಬರುವುದಿಲ್ಲ

ಆರೋಗ್ಯವಾಗಿದ್ದವರಿಗೆ ಇದ್ದಕ್ಕಿದ್ದಂತೆ ಡಿಐಸಿ ಮಾತ್ರ ಬಂತು ಎನ್ನುವುದಿಲ್ಲ. ಹಿಂದೆ ಇನ್ನೊಂದು ಕಾಯಿಲೆ ಇದ್ದೇ ಇರಬೇಕು. ಎಲ್ಲಕ್ಕಿಂತ ಸಾಮಾನ್ಯ ಕಾರಣ ರಕ್ತಕ್ಕೆ ಹಬ್ಬಿದ ಸೋಂಕು, ಅಂದರೆ ಸೆಪ್ಸಿಸ್. ಆಮೇಲೆ ಹೆರಿಗೆಯ ತೊಡಕುಗಳು, ದೊಡ್ಡ ಅಪಘಾತ, ಸುಟ್ಟಗಾಯ, ಕೆಲವು ಬಗೆಯ ಕ್ಯಾನ್ಸರ್, ಬಿಸಿಲಿನ ಹೊಡೆತ, ಗುಂಪು ಹೊಂದದ ರಕ್ತವನ್ನು ಕೊಟ್ಟಾಗ ಆಗುವ ಅನಾಹುತ. ನಮ್ಮ ಹೊಲಗದ್ದೆಗಳ ಪಾಲಿಗೆ ಇನ್ನೊಂದಿದೆ, ಮಂಡಲದ ಹಾವಿನ ಕಡಿತ.

ಬಹಳಷ್ಟು ಕಾರಣಗಳು ಕೊನೆಗೆ ಒಂದೇ ಬಾಗಿಲು ತಟ್ಟುತ್ತವೆ. ನಾಳದ ಹೊರಗಿನ ಜೀವಕೋಶಗಳಲ್ಲಿ ಇರಬೇಕಾದ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನು ರಕ್ತದ ಸಂಪರ್ಕಕ್ಕೆ ಬರುತ್ತದೆ. ರಕ್ತಕ್ಕೆ ಅದು ಕಂಡಿತೆಂದರೆ ಗಾಯವಾಗಿದೆ ಎಂದೇ ಅರ್ಥ. ಅಪಘಾತದಲ್ಲಿ ಜಜ್ಜಿದ ಮಾಂಸದಿಂದ, ಹೆರಿಗೆಯಲ್ಲಿ ಮಾಸಿನಿಂದ, ಸೋಂಕಿನಲ್ಲಿ ಕೆರಳಿದ ಬಿಳಿ ರಕ್ತಕಣಗಳಿಂದ ಅದು ಒದಗುತ್ತದೆ. ಹಾವಿನ ವಿಷ ಮಾತ್ರ ಈ ಬಾಗಿಲನ್ನು ತಟ್ಟುವುದೇ ಇಲ್ಲ. ಹಿತ್ತಲಿಂದ ನೇರವಾಗಿ ಒಳನುಗ್ಗುತ್ತದೆ.

5. ಕೊಳಕುಮಂಡಲದ ವಿಷ ರಕ್ತವನ್ನು ನೀರು ಮಾಡುವುದಿಲ್ಲ, ಮೊದಲು ಹೆಪ್ಪುಗಟ್ಟಿಸುತ್ತದೆ

"ಮಂಡಲ ಕಚ್ಚಿದರೆ ರಕ್ತ ನೀರಾಗುತ್ತದೆ" ಎಂಬುದು ಹಳ್ಳಿಯ ಮಾತು. ಕಣ್ಣಿಗೆ ಕಾಣುವುದು ಹಾಗೆಯೇ. ಆದರೆ ಕೊಳಕುಮಂಡಲದ ವಿಷದಲ್ಲಿ ಹೆಪ್ಪುಗಟ್ಟುವ ಸರಪಳಿಯ ಹತ್ತನೇ ಮತ್ತು ಐದನೇ ಅಂಶಗಳನ್ನು ನೇರವಾಗಿ ಚುರುಕುಗೊಳಿಸುವ ಕಿಣ್ವಗಳಿವೆ. ಗಾಯವಿಲ್ಲದೆಯೇ ತ್ರಾಂಬಿನ್ ಹುಟ್ಟಿ, ಒಂದೆರಡು ಗಂಟೆಯೊಳಗೆ ಫೈಬ್ರಿನೋಜನ್ ಪೂರ್ತಿ ಖಾಲಿಯಾಗಬಹುದು. ಒಣ, ಕಲ್ಲುನೆಲದ ಸೀಮೆಯ ಗರಗಸಮಂಡಲದ್ದು ಇನ್ನೂ ಅಡ್ಡದಾರಿ. ಅದರ ವಿಷ ಪ್ರೊತ್ರಾಂಬಿನ್ನನ್ನೇ ತ್ರಾಂಬಿನ್ನಿನ ಕಡೆಗೆ ತಿರುಗಿಸಿಬಿಡುತ್ತದೆ.

ತಜ್ಞರು ಇಲ್ಲೊಂದು ಗೆರೆ ಎಳೆಯುತ್ತಾರೆ. ಹಾವಿನ ವಿಷದಲ್ಲಿ ಸಾಮಗ್ರಿ ಖಾಲಿಯಾಗುವ ವೇಗ ಬಹಳ ಹೆಚ್ಚು, ಅಂಗಾಂಗಗಳಲ್ಲಿ ಹೆಪ್ಪು ಕೂರುವುದು ಸೆಪ್ಸಿಸ್‌ನಷ್ಟು ವ್ಯಾಪಕವಲ್ಲ, ವಿಷ ಇಳಿದರೆ ಚೇತರಿಕೆಯೂ ಬೇಗ. ಹಾಗಾಗಿ ಕೆಲವರು ಇದನ್ನು ಡಿಐಸಿಯ ಸೋದರ ಎಂದು ಬೇರೆಯಾಗಿ ಹೆಸರಿಸುತ್ತಾರೆ. ಸಾಮಗ್ರಿ ಮುಗಿದು ರಕ್ತ ಹರಿಯುವುದು ಮಾತ್ರ ಎರಡರಲ್ಲೂ ಒಂದೇ.

6. ಇದನ್ನು ಪತ್ತೆ ಮಾಡಲು ಒಂದು ಗಾಜಿನ ನಳಿಗೆ ಸಾಕು

ದೊಡ್ಡ ಲ್ಯಾಬು ಬೇಡ, ಕರೆಂಟೂ ಬೇಡ. ರೋಗಿಯ ತೋಳಿನ ರಕ್ತನಾಳದಿಂದ 2 ಮಿ.ಲೀ. ರಕ್ತ ತೆಗೆದು ಹೊಸ, ಒಣ ಗಾಜಿನ ನಳಿಗೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ನಿಲ್ಲಿಸುತ್ತಾರೆ. ನಡುವೆ ಎತ್ತಿ ನೋಡುವಂತಿಲ್ಲ. ಗಡಿಯಾರದಲ್ಲಿ 20 ನಿಮಿಷ ಆದ ಮೇಲೆ ಒಂದೇ ಒಂದು ಸಲ ಓರೆ ಮಾಡಬೇಕು. ಹೆಪ್ಪು ಕಟ್ಟಿದ್ದರೆ ರಕ್ತ ತಳ ಬಿಡದೆ ಕಚ್ಚಿಕೊಂಡಿರುತ್ತದೆ. ಸಾಮಗ್ರಿ ಖಾಲಿಯಾಗಿದ್ದರೆ ಸರಕ್ಕನೆ ಗಾಜಿನ ಗೋಡೆಗುಂಟ ಜಾರುತ್ತದೆ.

ಪರೀಕ್ಷೆ ಕೆಡುವುದು ಎಲ್ಲಿ ಗೊತ್ತೇ? ನಳಿಗೆಯಲ್ಲಿ. ಗಾಜಿನ ಮೇಲ್ಮೈ ತಾಗಿದ್ದರಿಂದಲೇ ರಕ್ತ ಹೆಪ್ಪುಗಟ್ಟಲು ತೊಡಗುವುದು. ಪ್ಲಾಸ್ಟಿಕ್ ನಳಿಗೆಯಲ್ಲಿ ಆ ಪ್ರಚೋದನೆ ಸಿಗುವುದಿಲ್ಲ. ಸೋಪಿನ ಪುಡಿ ಹಾಕಿ ತೊಳೆದ ಗಾಜಿನಲ್ಲೂ ಅಷ್ಟೇ. ಆರೋಗ್ಯವಂತರ ರಕ್ತವೂ ಅಲ್ಲಿ ಹರಿಯುತ್ತಲೇ ಇದ್ದು, ಬೇಡದ ಔಷಧ ಕೊಡುವಂತಾಗಬಹುದು. ಅನುಮಾನ ಬಂದರೆ ರೋಗಿಯ ಜೊತೆ ಬಂದ ನೆಂಟರೊಬ್ಬರ ರಕ್ತವನ್ನು ಅಂಥದೇ ಇನ್ನೊಂದು ನಳಿಗೆಗೆ ಹಾಕಿ ಪಕ್ಕದಲ್ಲಿಡುತ್ತಾರೆ. ಅದು ಕಟ್ಟಿ ಇದು ಕಟ್ಟದಿದ್ದರೆ ಅನುಮಾನಕ್ಕೆ ಜಾಗವಿಲ್ಲ.

7. ಒಂದು ರಾತ್ರಿಯ ಲೆಕ್ಕ

ಒಂದು ಉದಾಹರಣೆಯಾಗಿ ನೋಡೋಣ. ಹೊನ್ನಾಳಿ ಕಡೆಯ ಗದ್ದೆಯಲ್ಲಿ ಸಂಜೆ 6.30ಕ್ಕೆ ನೀರು ಕಟ್ಟುವಾಗ ರೈತರೊಬ್ಬರ ಪಾದಕ್ಕೆ ಮಂಡಲ ಕಚ್ಚಿತು ಎಂದುಕೊಳ್ಳಿ. ಕಾಲಿಗೆ ಹಗ್ಗ ಬಿಗಿಯಲಿಲ್ಲ, ಬ್ಲೇಡು ಹಾಕಲಿಲ್ಲ. ಕಾಲು ಅಲುಗದಂತೆ ಒಂದು ದಬ್ಬೆ ಕಟ್ಟಿ 7.20ಕ್ಕೆ ತಾಲ್ಲೂಕು ಆಸ್ಪತ್ರೆಗೆ ತಂದರು. ಪಾದ ಊದಿದೆ, ಉಗುಳಿನಲ್ಲಿ ಕೆಂಪು ಕಾಣುತ್ತಿದೆ. 7.25ಕ್ಕೆ ನಳಿಗೆ ಇಟ್ಟರು. 7.45ಕ್ಕೆ ಓರೆ ಮಾಡಿದರೆ ರಕ್ತ ಹರಿಯಿತು.

ಆಗ ಹಾವಿನ ವಿಷಕ್ಕೆ ಪ್ರತಿವಿಷ, ಎಲ್ಲರೂ ಎಎಸ್‌ವಿ ಎನ್ನುವ ಔಷಧ, 10 ಸೀಸೆ. ಪುಡಿಯನ್ನು ಕರಗಿಸಿ ಸಲೈನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ ನಾಳಕ್ಕೆ ಹರಿಸುತ್ತಾರೆ. ಅಲರ್ಜಿ ಕಾಣಿಸಿದರೆ ತಕ್ಷಣ ಕೊಡಲು ಅಡ್ರಿನಲಿನ್ ಸಿರಿಂಜಿಗೆ ತುಂಬಿ ಪಕ್ಕದಲ್ಲೇ ಇಟ್ಟಿರುತ್ತಾರೆ. ಒಸಡಿನ ರಕ್ತ ಅರ್ಧ ಗಂಟೆಯಲ್ಲೇ ನಿಲ್ಲಬಹುದು. ಹಾಗೆಂದು ಅಪಾಯ ಕಳೆಯಿತು ಎನ್ನುವಂತಿಲ್ಲ. ಆರು ಗಂಟೆ ಕಾದು ರಾತ್ರಿ ಮತ್ತೆ ನಳಿಗೆ ಇಡಬೇಕು. ಆಗಲೂ ಹರಿದರೆ ಇನ್ನೂ 10 ಸೀಸೆ. ಬೆಳಗಿನ ಹೊತ್ತಿಗೆ ಇಟ್ಟ ಮೂರನೇ ನಳಿಗೆಯಲ್ಲಿ ರಕ್ತ ಕಚ್ಚಿಕೊಂಡು ನಿಂತರೆ ಔಷಧ ಗೆದ್ದಿತು.

ಆರು ಗಂಟೆಯೇ ಏಕೆ? ಔಷಧದ ಕೆಲಸ ವಿಷವನ್ನು ಹಿಡಿದು ನಿಲ್ಲಿಸುವುದಷ್ಟೇ. ಖಾಲಿಯಾದ ಫೈಬ್ರಿನೋಜನ್ನನ್ನು ಮತ್ತೆ ತಯಾರಿಸಬೇಕಾದದ್ದು ರೋಗಿಯ ಲಿವರ್. ಅದಕ್ಕೆ ಅಷ್ಟು ಸಮಯ ಬೇಕು. ಗಂಟೆಗೊಮ್ಮೆ ಪರೀಕ್ಷೆ ಮಾಡಿ "ಕಟ್ಟಲಿಲ್ಲ, ಇನ್ನಷ್ಟು ಕೊಡಿ" ಎಂದರೆ ಔಷಧ ವ್ಯರ್ಥವಾಗುತ್ತದೆ. ಇನ್ನೊಂದು ಮಾತು: ಮಗುವಿಗೆ ಕಚ್ಚಿದ್ದರೂ ದೊಡ್ಡವರಷ್ಟೇ ಸೀಸೆ ಬೇಕು. ಮಗು ಚಿಕ್ಕದೆಂದು ಹಾವು ಕಡಿಮೆ ವಿಷ ಬಿಡುವುದಿಲ್ಲ.

8. ಬರೀ ರಕ್ತ ಏರಿಸುತ್ತ ಹೋದರೆ ರಕ್ತ ನಿಲ್ಲದು

"ರಕ್ತ ಹೋಗ್ತಿದೆ, ಬೇಗ ಬಾಟ್ಲಿ ಹಾಕಿ ಡಾಕ್ಟ್ರೇ" ಎಂದು ಮನೆಯವರು ಗೋಗರೆಯುವುದು ಸಹಜ. ಆದರೆ ವಿಷ ಇನ್ನೂ ರಕ್ತದಲ್ಲಿ ಓಡಾಡುತ್ತಿರುವಾಗ ಪ್ಲಾಸ್ಮಾ ಕೊಟ್ಟರೆ ಅದರಲ್ಲಿರುವ ಫೈಬ್ರಿನೋಜನ್ನನ್ನೂ ವಿಷ ನುಂಗಿಹಾಕುತ್ತದೆ. ಅದಕ್ಕೇ ಮೊದಲು ಪ್ರತಿವಿಷ. ಬೇರೆ ಕಾರಣಗಳಲ್ಲೂ ಕ್ರಮ ಇದೇ. ಸೋಂಕಾದರೆ ಆಂಟಿಬಯೋಟಿಕ್ ಮತ್ತು ಕೀವಿನ ಮೂಲ ತೆಗೆಯುವುದು, ಹೆರಿಗೆಯ ತೊಡಕಾದರೆ ಗರ್ಭಕೋಶ ಖಾಲಿಯಾಗುವಂತೆ ಮಾಡುವುದು. ಪ್ಲಾಸ್ಮಾ, ಪ್ಲೇಟ್‌ಲೆಟ್ ಇವೆಲ್ಲ ಅದರ ಜೊತೆಗೆ, ರಕ್ತ ನಿಜವಾಗಿ ಹರಿಯುತ್ತಿದ್ದರೆ ಅಥವಾ ಆಪರೇಷನ್ ಮಾಡಲೇಬೇಕಿದ್ದರೆ. ರಕ್ತಸ್ರಾವವಿಲ್ಲದ ರೋಗಿಗೆ ವರದಿಯ ಅಂಕಿಯನ್ನು ಸರಿಮಾಡಲೆಂದೇ ಅವನ್ನು ಏರಿಸುವುದಿಲ್ಲ.

ಪ್ಲಾಸ್ಮಾ ಬೇಕೆಂದ ತಕ್ಷಣ ಸಿಗುವುದೂ ಇಲ್ಲ. ಅದನ್ನು ಮಂಜುಗಡ್ಡೆಯಂತೆ ಗಟ್ಟಿಯಾಗಿಸಿ ಇಟ್ಟಿರುತ್ತಾರೆ. 37 ಡಿಗ್ರಿ ಬಿಸಿಯ ನೀರಿನಲ್ಲಿ ಕರಗಿಸಲು ಅರ್ಧ ಗಂಟೆ ಹಿಡಿಯುತ್ತದೆ. ಸಾಮಾನ್ಯ ಅಳತೆ ಕೆ.ಜಿ. ತೂಕಕ್ಕೆ 15 ಮಿ.ಲೀ. ಅಂದರೆ 50 ಕೆ.ಜಿ. ತೂಗುವ ಒಬ್ಬರಿಗೆ 750 ಮಿ.ಲೀ., ಮೂರು ನಾಲ್ಕು ಚೀಲ.

9. ಮಂಡಲದ ವಿಷವೇ ಒಮ್ಮೆ ರಕ್ತ ನಿಲ್ಲಿಸುವ ಮದ್ದಾಗಿತ್ತು!

ಕೊಳಕುಮಂಡಲದ ಇಂಗ್ಲಿಷ್ ಹೆಸರಿನಲ್ಲಿರುವ ರಸೆಲ್ ಎಂದರೆ ಪ್ಯಾಟ್ರಿಕ್ ರಸೆಲ್. ಭಾರತದ ಹಾವುಗಳ ಬಗ್ಗೆ 1796ರಲ್ಲಿ ದೊಡ್ಡ ಗ್ರಂಥ ತಂದ ವೈದ್ಯ. ಅದೇ ಹಾವಿನ ವಿಷವನ್ನು 1934ರಲ್ಲಿ ಲಂಡನ್ನಿನ ಮ್ಯಾಕ್‌ಫಾರ್ಲೇನ್ ಮತ್ತು ಬಾರ್ನೆಟ್ ಎಂಬ ಇಬ್ಬರು ತೀರಾ ತೆಳುವಾಗಿಸಿ ಹಿಮೋಫೀಲಿಯಾ ರೋಗಿಗಳ ಗಾಯಕ್ಕೆ ಹಚ್ಚಿ ನೋಡಿದರು. ಹುಟ್ಟಿನಿಂದ ರಕ್ತ ಹೆಪ್ಪುಗಟ್ಟದವರ ಗಾಯದಲ್ಲಿ ಹೆಪ್ಪು ಕಟ್ಟಿತು. ಮೇಲೆ ಹಚ್ಚಿದರೆ ಮದ್ದು, ನಾಳಕ್ಕೆ ಹೊಕ್ಕರೆ ಮರಣ. ವಿಷದ ಮೊದಲ ಕೆಲಸ ಹೆಪ್ಪುಗಟ್ಟಿಸುವುದೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಈಗಲೂ ಲ್ಯಾಬುಗಳಲ್ಲಿ ಹೆಪ್ಪುಗಟ್ಟುವಿಕೆಯ ಒಂದು ವಿಶೇಷ ಪರೀಕ್ಷೆಗೆ ಈ ವಿಷವನ್ನು ಬಳಸುತ್ತಾರೆ.

10. ಹೆರಿಗೆ ಕೋಣೆಯಲ್ಲೂ ಅದೇ ನಳಿಗೆ

ಮಗು ಹುಟ್ಟುವ ಮೊದಲೇ ಮಾಸು ಗರ್ಭಕೋಶದ ಗೋಡೆಯಿಂದ ಬಿಟ್ಟುಕೊಂಡರೆ ಅದರ ಹಿಂದೆ ರಕ್ತ ತುಂಬುತ್ತದೆ, ಮಾಸಿನಲ್ಲಿ ಹೇರಳವಾಗಿರುವ ಟಿಶ್ಯೂ ಫ್ಯಾಕ್ಟರ್ ತಾಯಿಯ ರಕ್ತಕ್ಕೆ ಸೇರುತ್ತದೆ. ಬಿಪಿ ಏರಿದ ಬಸುರಿಯರಲ್ಲಿ ಇದು ಹೆಚ್ಚು. ಇದರ ಕಪಟ ಎಂದರೆ ಹೊರಗೆ ಬರುವ ರಕ್ತ ಸ್ವಲ್ಪವೇ ಇರಬಹುದು, ಒಳಗೆ ನಿಂತದ್ದು ಬಹಳ. ಹೊಟ್ಟೆ ಹಲಗೆಯಂತೆ ಬಿಗಿಯಾಗಿ, ನೋವು ನಡುವೆ ಬಿಡುವು ಕೊಡದಿದ್ದರೆ ಬಟ್ಟೆಯ ಮೇಲಿನ ರಕ್ತದ ಅಂದಾಜನ್ನು ನಂಬುವಂತಿಲ್ಲ. ಹೆರಿಗೆ ನೋವಾದರೆ ಬಂದು ಬಂದು ಹೋಗುತ್ತದೆ, ಇದು ಹಿಡಿದದ್ದು ಬಿಡುವುದಿಲ್ಲ. 1901ರಲ್ಲೇ ಅಮೆರಿಕದ ಡಾ. ಡೆಲೀ ಇಂಥ ತಾಯಿಯೊಬ್ಬರ ರಕ್ತ ಹೆಪ್ಪುಗಟ್ಟದೆ ಹೋದದ್ದನ್ನು ದಾಖಲಿಸಿದ್ದರು.

ಇಲ್ಲೂ ಗಾಜಿನ ನಳಿಗೆ ನೆರವಿಗೆ ಬರುತ್ತದೆ. ಲ್ಯಾಬ್ ವರದಿಗೆ ಕಾಯದೆ, ಹಾಸಿಗೆಯ ಪಕ್ಕದಲ್ಲೇ ತಾಯಿಯ ರಕ್ತ ಕಟ್ಟುತ್ತದೋ ಇಲ್ಲವೋ, ಕಟ್ಟಿದ ಹೆಪ್ಪು ಗಟ್ಟಿಯಾಗಿ ನಿಲ್ಲುತ್ತದೋ ಮತ್ತೆ ಒಡೆಯುತ್ತದೋ ತಿಳಿಯುತ್ತದೆ.

11. ತಾಯಿಯ ವರದಿಯಲ್ಲಿ "ನಾರ್ಮಲ್" ಎಂದರೆ ನಾರ್ಮಲ್ ಅಲ್ಲ

ಸಾಮಾನ್ಯ ವಯಸ್ಕರ ರಕ್ತದಲ್ಲಿ ಫೈಬ್ರಿನೋಜನ್ ಡೆಸಿಲೀಟರಿಗೆ 200ರಿಂದ 400 ಮಿ.ಗ್ರಾಂ. ಲ್ಯಾಬಿನವರು ಅಚ್ಚು ಹಾಕಿಸಿದ ಹಾಳೆಯಲ್ಲಿ ಇರುವುದೂ ಇದೇ. ಆದರೆ ಪ್ರಕೃತಿ ಹೆರಿಗೆಗೆ ಮೊದಲೇ ಸಿದ್ಧತೆ ಮಾಡುತ್ತದೆ. ದಿನ ತುಂಬಿದ ಬಸುರಿಯಲ್ಲಿ ಅದು 400ರಿಂದ 600ರವರೆಗೆ ಏರಿರುತ್ತದೆ. ಹಾಗಾಗಿ ರಕ್ತ ಹೋಗುತ್ತಿರುವ ತಾಯಿಯ ವರದಿಯಲ್ಲಿ 210 ಎಂದು ಬಂದರೆ ಹಾಳೆ "ನಾರ್ಮಲ್" ಎನ್ನುತ್ತದೆ, ಆದರೆ ಆಕೆ ಆಗಲೇ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡಿರಬಹುದು. ಹೆರಿಗೆಯ ರಕ್ತಸ್ರಾವದಲ್ಲಿ 200ಕ್ಕಿಂತ ಕೆಳಗೆ ಇಳಿದರೆ ಅದು ತೀವ್ರ ಸ್ವರೂಪ ತಾಳುವ ಖಚಿತ ಸೂಚನೆ ಎಂದೇ ವೈದ್ಯರು ತಿಳಿಯುತ್ತಾರೆ.

ಇನ್ನೊಂದು ಸಂಗತಿ ಮನೆಯವರಿಗೆ ಗೊತ್ತಿರಬೇಕು. ಹೊಟ್ಟೆಯಲ್ಲೇ ಮಗು ತೀರಿಕೊಂಡು ಹಾಗೇ ಉಳಿದರೆ ಮೊದಲ ವಾರಗಳಲ್ಲಿ ರಕ್ತಕ್ಕೆ ತೊಂದರೆ ಕಾಣದಿರಬಹುದು. ಸುಮಾರು ನಾಲ್ಕು ವಾರ ಕಳೆದ ಮೇಲೆ ಫೈಬ್ರಿನೋಜನ್ ಮೆಲ್ಲಗೆ ಕರಗತೊಡಗುವ ಅಪಾಯವಿದೆ. ಮಗುವಿನ ಮಿಸುಕಾಟ ನಿಂತಿತೆಂದು ತಾಯಿ ಹೇಳಿದರೆ ಅದೇ ದಿನ ತೋರಿಸಬೇಕು.

12. ಗದ್ದೆಯಲ್ಲೂ ಹೆರಿಗೆಯಲ್ಲೂ ಏಟು ಬೀಳುವ ಒಂದೇ ಗ್ರಂಥಿ

ಮಿದುಳಿನ ಬುಡದಲ್ಲಿ ಬಟಾಣಿಯಷ್ಟೇ ದೊಡ್ಡದಾದ ಪಿಟ್ಯುಟರಿ ಗ್ರಂಥಿ ಇದೆ. ಹೆರಿಗೆಯಲ್ಲಿ ರಕ್ತ ವಿಪರೀತ ಹೋದ ತಾಯಂದಿರಲ್ಲಿ ಆ ಗ್ರಂಥಿ ರಕ್ತ ಸಾಲದೆ ಸಾಯಬಹುದು. ಕೊಳಕುಮಂಡಲ ಕಚ್ಚಿ ಬದುಕುಳಿದವರಲ್ಲೂ ಇದೇ ಗ್ರಂಥಿ ಕೆಡುವುದನ್ನು ದಕ್ಷಿಣ ಭಾರತದಲ್ಲೂ ಬರ್ಮಾದಲ್ಲೂ ವೈದ್ಯರು ಕಂಡಿದ್ದಾರೆ. ಸಣ್ಣ ನಾಳಗಳಲ್ಲಿ ಹೆಪ್ಪು, ಜೊತೆಗೆ ಒಳಗೇ ರಕ್ತಸ್ರಾವ, ಎರಡೂ ಸೇರಿ ಗ್ರಂಥಿಯನ್ನು ಬಲಿ ತೆಗೆದುಕೊಳ್ಳುತ್ತವೆ.

ಲಕ್ಷಣ ತಿಳಿಯುವುದು ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರ. ಮಾಯದ ಸುಸ್ತು, ಚಳಿ ತಡೆಯದಿರುವುದು, ಮುಟ್ಟು ನಿಲ್ಲುವುದು, ಕಂಕುಳ ಕೂದಲು ಉದುರುವುದು. ಬಾಣಂತಿಗೆ ಎದೆಹಾಲೇ ಬರದಿರುವುದು ಮಾತ್ರ ಹೆರಿಗೆಯಾದ ಕೂಡಲೇ ಕಾಣಬಹುದು. ಆಗ ಡಾಕ್ಟರಿಗೆ ಹಳೆಯ ಹಾವಿನ ಕಡಿತವನ್ನೋ ಆ ಹೆರಿಗೆಯನ್ನೋ ಮರೆಯದೆ ಹೇಳಬೇಕು. ಕೊರತೆಯಾದ ಹಾರ್ಮೋನುಗಳನ್ನು ಮಾತ್ರೆಯಲ್ಲಿ ಕೊಡಬಹುದು, ಆದರೆ ಗ್ರಂಥಿ ಕೆಟ್ಟಿದೆ ಎಂಬ ಅನುಮಾನ ಮೊದಲು ಬರಬೇಕಲ್ಲ?

13. ಡಿಐಸಿಗೂ ಅಂಕಪಟ್ಟಿ ಇದೆ

ಒಂದೇ ಪರೀಕ್ಷೆಯಿಂದ ತೀರ್ಪು ಹೇಳಲಾಗದ ಕಾರಣ ನಾಲ್ಕು ಪರೀಕ್ಷೆಗಳಿಗೆ ಅಂಕ ಕೊಡುವ ಅಂತರರಾಷ್ಟ್ರೀಯ ಪದ್ಧತಿಯೊಂದಿದೆ. ಐದು ಅಥವಾ ಹೆಚ್ಚು ಬಂದರೆ ಡಿಐಸಿ. ಜಗಳೂರು ಕಡೆಯ ಸಕ್ಕರೆ ಕಾಯಿಲೆಯ ಒಬ್ಬರನ್ನು ಊಹಿಸಿಕೊಳ್ಳಿ. ಕಾಲಿನ ಗಾಯ ಕೊಳೆತು ಜ್ವರ, ಬಿಪಿ ಕುಸಿದಿದೆ. ಪ್ಲೇಟ್‌ಲೆಟ್ 38 ಸಾವಿರ, 50 ಸಾವಿರಕ್ಕಿಂತ ಕಡಿಮೆಯಾದ್ದರಿಂದ 2 ಅಂಕ. ಡಿ-ಡೈಮರ್ ವಿಪರೀತ ಏರಿದೆ, 3 ಅಂಕ. ಪ್ರೊತ್ರಾಂಬಿನ್ ಸಮಯ ಸಾಮಾನ್ಯಕ್ಕಿಂತ 5 ಸೆಕೆಂಡ್ ಹೆಚ್ಚು, 1 ಅಂಕ. ಫೈಬ್ರಿನೋಜನ್ 180, ಅದು 100ಕ್ಕಿಂತ ಮೇಲಿರುವುದರಿಂದ ಸೊನ್ನೆ. ಒಟ್ಟು 6. ಡಿಐಸಿ ಖಚಿತ.

ಫೈಬ್ರಿನೋಜನ್ ಅಷ್ಟಾಗಿ ಇಳಿಯದೆಯೂ ಡಿಐಸಿ ಹೇಗೆ? ಸೋಂಕು ಬಂದಾಗ ಲಿವರ್ ಅದನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಖರ್ಚೂ ಜಾಸ್ತಿ, ತಯಾರಿಯೂ ಜಾಸ್ತಿ. ಹಾಗಾಗಿ ಸೆಪ್ಸಿಸ್‌ನಲ್ಲಿ ರಕ್ತ ಹರಿಯುವುದಕ್ಕಿಂತ ಹೆಪ್ಪು ಕೂರುವುದೇ ಮೇಲುಗೈ. ಇಂಥವರಲ್ಲಿ ಮೂಗಿನಿಂದ ರಕ್ತ ಬರದೆಯೇ ಬೆರಳ ತುದಿಗಳು ಕಪ್ಪಾಗಬಹುದು, ಮೂತ್ರ ನಿಲ್ಲಬಹುದು. ಪ್ಲೇಟ್‌ಲೆಟ್ ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಇಳಿಯಿತು ಎನ್ನುವುದನ್ನು ನೋಡಬೇಕು. ನಿನ್ನೆ 3 ಲಕ್ಷ ಇದ್ದದ್ದು ಇವತ್ತು ಒಂದೂವರೆ ಲಕ್ಷವಾದರೆ ಅಂಕಿ ನಾರ್ಮಲ್, ಇಳಿತ ನಾರ್ಮಲ್ ಅಲ್ಲ. ಹಳೆಯ ವರದಿಗಳನ್ನು ಜೋಪಾನವಾಗಿ ಜೊತೆಗೆ ಒಯ್ಯಿರಿ ಎನ್ನುವುದು ಇದಕ್ಕೇ.

14. ತಿಂಗಳುಗಟ್ಟಲೆ ಮೆಲ್ಲಗೆ ನಡೆಯುವ ಡಿಐಸಿಯೂ ಉಂಟು

ಹೊಟ್ಟೆ, ಮೇದೋಜೀರಕ, ಶ್ವಾಸಕೋಶಗಳ ಕೆಲವು ಕ್ಯಾನ್ಸರ್‌ಗಳಲ್ಲಿ ಟಿಶ್ಯೂ ಫ್ಯಾಕ್ಟರ್ ಹನಿಹನಿಯಾಗಿ ರಕ್ತಕ್ಕೆ ಸೇರುತ್ತಿರುತ್ತದೆ. ಖರ್ಚಾದಷ್ಟನ್ನು ಲಿವರ್ ತುಂಬಿಕೊಡುವುದರಿಂದ ರಕ್ತಸ್ರಾವ ಕಾಣುವುದಿಲ್ಲ. ಬದಲಿಗೆ ಕಾಲಿನ ನಾಳದಲ್ಲಿ ಒಂದಾದ ಮೇಲೊಂದು ಹೆಪ್ಪು. ಫ್ರಾನ್ಸಿನ ವೈದ್ಯ ತ್ರೂಸೊ 1865ರಲ್ಲಿ ಕ್ಯಾನ್ಸರಿಗೂ ನಾಳದ ಹೆಪ್ಪಿಗೂ ಇರುವ ಈ ನಂಟನ್ನು ವಿವರಿಸಿದ್ದರು. 1867ರಲ್ಲಿ ಅವರು ಹೊಟ್ಟೆಯ ಕ್ಯಾನ್ಸರ್‌ನಿಂದಲೇ ತೀರಿಕೊಂಡರು.

ಇದಕ್ಕೆ ವಿರುದ್ಧ ತುದಿಯಲ್ಲಿರುವುದು ಪ್ರೊಮೈಲೊಸೈಟಿಕ್ ಎಂಬ ಬಗೆಯ ರಕ್ತಕ್ಯಾನ್ಸರ್. ಇಲ್ಲಿ ಹೆಪ್ಪು ಕರಗಿಸುವ ಕೆಲಸವೇ ಅತಿಯಾಗಿ, ಮಿದುಳಿನಲ್ಲಿ ರಕ್ತ ಸೋರಿ ಮೊದಲ ದಿನಗಳಲ್ಲೇ ಸಾವು ಬರಬಹುದು. ಎ ವಿಟಮಿನ್‌ನಿಂದ ಹುಟ್ಟಿದ ಟ್ರೆಟಿನಾಯಿನ್ ಎಂಬ ಮಾತ್ರೆಯನ್ನು, ಜೀನ್ ಪರೀಕ್ಷೆಯ ಫಲಿತಾಂಶಕ್ಕೂ ಕಾಯದೆ ಅನುಮಾನ ಬಂದ ದಿನವೇ ಶುರುಮಾಡುತ್ತಾರೆ. ಆ ಮೊದಲ ದಿನಗಳನ್ನು ದಾಟಿದವರಲ್ಲಿ ಬಹುಪಾಲು ಮಂದಿ ಇಂದು ಗುಣವಾಗುತ್ತಾರೆ.

15. ಮನೆಯಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮಾಡಬಾರದ ನಾಲ್ಕು

ಹಾವು ಕಚ್ಚಿದ ಜಾಗವನ್ನು ಕೊಯ್ಯಬಾರದು. ಸಾಮಗ್ರಿ ಖಾಲಿಯಾಗುತ್ತಿರುವ ರಕ್ತ ಆ ಗಾಯದಿಂದ ನಿಲ್ಲುವುದಿಲ್ಲ. ಬಿಗಿಯಾಗಿ ಕಟ್ಟಬಾರದು. ಕಾಲು ಕೊಳೆಯುವುದರ ಜೊತೆಗೆ, ಬಿಚ್ಚಿದಾಗ ನಿಂತ ವಿಷ ಒಮ್ಮೆಗೇ ಮೈಗೆ ಏರಬಹುದು. ದಾರಿಯಲ್ಲಿ ಯಾರೋ ಕೊಡುವ ಸೊಂಟದ ಇಂಜೆಕ್ಷನ್ ಹಾಕಿಸಿಕೊಳ್ಳಬಾರದು. ಮಾಂಸದೊಳಗೆ ಹೋದ ಸೂಜಿಯ ಜಾಗದಲ್ಲೇ ರಕ್ತ ತುಂಬಿ ಗಡ್ಡೆಯಾಗುತ್ತದೆ. ನಾಟಿ ಔಷಧಕ್ಕೆಂದು ಊರೂರು ಸುತ್ತಬಾರದು. ಮೂತ್ರಪಿಂಡದಲ್ಲಿ ಹೆಪ್ಪು ಕೂತು ಮೂತ್ರ ನಿಂತ ಮೇಲೆ ಪ್ರತಿವಿಷ ಅದನ್ನು ಹಿಂದಕ್ಕೆ ತರಲಾರದು, ಡಯಾಲಿಸಿಸ್ ಬೇಕಾಗುತ್ತದೆ.

108ಕ್ಕೆ ಕರೆ ಮಾಡಿ ಪ್ರತಿವಿಷ ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗುವುದೇ ದಾರಿ. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಮುಂದೆ ಕಳಿಸಬೇಕಾದರೂ ಮೊದಲ 10 ಸೀಸೆ ತಾಲ್ಲೂಕು ಆಸ್ಪತ್ರೆಯಲ್ಲೇ ಏರಬೇಕು. ಭಾರತದಲ್ಲಿ ವರ್ಷಕ್ಕೆ ಸುಮಾರು 58 ಸಾವಿರ ಜನ ಹಾವು ಕಚ್ಚಿ ಸಾಯುತ್ತಾರೆ ಎಂಬ ಅಂದಾಜು 2020ರಲ್ಲಿ ಹೊರಬಂತು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಪ್ರತಿ ಪ್ರಕರಣ ತಿಳಿಸಬೇಕು. ಯಾವ ತಾಲ್ಲೂಕಿಗೆ ಎಷ್ಟು ಸೀಸೆ ಬೇಕು ಎಂಬ ಲೆಕ್ಕ ಸಿಗುವುದೇ ಇದರಿಂದ.

16. ಕಾರಣ ತೊಲಗಿದರೆ ರಕ್ತ ತಾನೇ ಸರಿಹೋಗುತ್ತದೆ

ಡಿಐಸಿ ಜೀವನಪೂರ್ತಿ ಅಂಟಿಕೊಳ್ಳುವ ರಕ್ತದ ಕಾಯಿಲೆಯಲ್ಲ. ಮಾಸು ಬಿಟ್ಟ ತಾಯಿಗೆ ಹೆರಿಗೆಯಾಗಿ ಗರ್ಭಕೋಶ ಗಟ್ಟಿಯಾದರೆ ಒಂದು ದಿನದ ಆಸುಪಾಸಿನಲ್ಲಿ ಫೈಬ್ರಿನೋಜನ್ ಮತ್ತೆ ಏರುತ್ತದೆ. ಪ್ಲೇಟ್‌ಲೆಟ್ ಕೆಲವು ದಿನ ಹೆಚ್ಚು ತೆಗೆದುಕೊಳ್ಳುತ್ತವೆ, ಏಕೆಂದರೆ ಅವು ಮೂಳೆಮಜ್ಜೆಯಲ್ಲಿ ಬೆಳೆದು ಬರಬೇಕು. ಬದುಕುಳಿದವರಿಗೆ ಮುಂದೆ ರಕ್ತ ಹೆಪ್ಪುಗಟ್ಟಿಸುವ ಮಾತ್ರೆಯನ್ನೇನೂ ನುಂಗುತ್ತಿರಬೇಕಿಲ್ಲ.

ಹಾಗಾಗಿ ಆಸ್ಪತ್ರೆಯಲ್ಲಿ "ಡಿಐಸಿ ಆಗಿದೆ" ಎಂದು ಹೇಳಿದರೆ ಮನೆಯವರು ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಬಾಟಲಿ ರಕ್ತ ಬೇಕು?" ಎಂಬುದಲ್ಲ. "ಇದು ಯಾವುದರಿಂದ ಆಯಿತು, ಅದಕ್ಕೆ ಚಿಕಿತ್ಸೆ ಶುರುವಾಯಿತೇ?" ಎಂಬುದು. ರಕ್ತ ಹೊಂದಿಸುವ ಓಡಾಟ ಅದರ ಜೊತೆಜೊತೆಗೇ ನಡೆಯಲಿ.